ಕನ್ನಡದ ಪೋಸ್ಟ್ 280ರೊಳಗೆ: 366ರಿಂದ 199ಕ್ಕೆ ಇಳಿಸಿದ ಬಗೆ

ಕನ್ನಡದಲ್ಲಿ ಬರೆದ ಪ್ರಕಟಣೆ ಎಕ್ಸ್‌ನ 280 ಅಕ್ಷರಗಳ ಮಿತಿಯೊಳಗೆ ಕೂರುವುದಿಲ್ಲ, ಎರಡು ಪೋಸ್ಟ್ ಮಾಡಬೇಕು ಇಲ್ಲವೇ ಚಿತ್ರ ಮಾಡಿ ಹಾಕಬೇಕು ಎನ್ನುವವರೇ ಹೆಚ್ಚು. ಎರಡನ್ನೂ ಮಾಡಿ ನೋಡಿದ್ದೇನೆ. ಎರಡು ಪೋಸ್ಟ್ ಮಾಡಿದರೆ ಮೊದಲನೆಯದನ್ನು ಮಾತ್ರ ಜನ ಹಂಚುತ್ತಾರೆ, ಲಿಂಕ್ ಎರಡನೆಯದರಲ್ಲೇ ಉಳಿಯುತ್ತದೆ. ಚಿತ್ರದೊಳಗಿನ ಲಿಂಕ್ ಒತ್ತಲು ಬರುವುದಿಲ್ಲ. ಕೊನೆಗೆ ಕೈಹಿಡಿದದ್ದು ಕನ್ನಡದ ಕ್ರಿಯಾಪದಗಳನ್ನು ಹಿಡಿದು ಹಿಂಡುವ ದಾರಿ. ಒಂದು ವಿಷಯವನ್ನೂ ಬಿಡದೆ ಇಳಿಸಿದ ಒಂದು ಪೋಸ್ಟ್ ಇಲ್ಲಿದೆ.

ಮೂಲ ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದ ವತಿಯಿಂದ ಇದೇ ಭಾನುವಾರದಂದು ಬೆಳಿಗ್ಗೆ 9 ಗಂಟೆಯಿಂದ ಮಧ್ಯಾಹ್ನ 1 ಗಂಟೆಯವರೆಗೆ ಸ್ವಯಂಪ್ರೇರಿತ ರಕ್ತದಾನ ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ. 18 ವರ್ಷ ಮೇಲ್ಪಟ್ಟ ಎಲ್ಲಾ ಆರೋಗ್ಯವಂತರೂ ರಕ್ತದಾನ ಮಾಡಬಹುದಾಗಿದ್ದು, ಖಾಲಿ ಹೊಟ್ಟೆಯಲ್ಲಿ ಬರಬಾರದು. ಆಸಕ್ತಿಯುಳ್ಳವರು ಈ ಕೆಳಗಿನ ಲಿಂಕ್ ಅನ್ನು ಕ್ಲಿಕ್ ಮಾಡುವ ಮೂಲಕ ಶುಕ್ರವಾರದ ಒಳಗಾಗಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗಿ ವಿನಂತಿ."

ಇದರ ಕೊನೆಗೆ ಒಂದು ಲಿಂಕ್. ಎಕ್ಸ್ ಯಾವ ಲಿಂಕನ್ನಾದರೂ 23 ಎಂದೇ ಎಣಿಸುತ್ತದೆ, ಹಾಗಾಗಿ ಒಟ್ಟು 366. ಮಿತಿಗಿಂತ 86 ಹೆಚ್ಚು.

ಎಣಿಕೆ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ. ಗುಣಿತದ ಚಿಹ್ನೆಗೆ ಒಂದು, ಹಲಂತಕ್ಕೆ ಒಂದು, ಒತ್ತಕ್ಷರಕ್ಕೆ ಮತ್ತೊಂದು. "ಹಮ್ಮಿಕೊಳ್ಳಲಾಗಿದೆ" ಓದುವಾಗ ಏಳೇ ಅಕ್ಷರ, ಎಣಿಕೆಯಲ್ಲಿ 16. "ನೋಂದಾಯಿಸಿಕೊಳ್ಳಬೇಕಾಗಿ" ಒಂದಕ್ಕೇ 20. ಉದ್ದವೆಲ್ಲ ಅಡಗಿರುವುದು ಇಂಥ ಕಡೆ, ಮಾಹಿತಿಯಲ್ಲಲ್ಲ.

ಮೊದಮೊದಲು ಎಲ್ಲರಂತೆ ನಾನೂ ಕೊನೆಯಿಂದ ಕತ್ತರಿಸುತ್ತಿದ್ದೆ. ಕನ್ನಡಕ್ಕೆ ಅದರಷ್ಟು ಕೆಟ್ಟ ದಾರಿ ಇನ್ನೊಂದಿಲ್ಲ. ನಮ್ಮ ವಾಕ್ಯದಲ್ಲಿ "ಮಾಡಿ" ಬರುವುದೂ ಕೊನೆಗೆ, "ಬೇಡ" ಬರುವುದೂ ಕೊನೆಗೆ. ಬಾಲ ಹೋದರೆ ಕರೆಯೇ ಹೋಗುತ್ತದೆ. ಈಗ ಉಲ್ಟಾ ಮಾಡುತ್ತೇನೆ. ಕರೆಯನ್ನು ಮೊದಲು ಬರೆದು, ಎಣಿಸಿ, ಬೀಗ ಹಾಕಿಡುತ್ತೇನೆ. ಉಳಿದದ್ದೇನಿದ್ದರೂ ಮಿಕ್ಕ ಜಾಗದಲ್ಲಿ ಹೊಂದಿಕೊಳ್ಳಬೇಕು.

ಇಲ್ಲಿ ಕರೆ: "ಶುಕ್ರವಾರದೊಳಗೆ ಇಲ್ಲಿ ಹೆಸರು ಕೊಡಿ:" ಎಣಿಕೆ 31. ಮೂಲದಲ್ಲಿ ಇದೇ ಮಾತಿಗೆ 113 ಹೋಗಿತ್ತು. ಯಾವಾಗ, ಎಲ್ಲಿ, ಏನು ಮಾಡಬೇಕು, ಮೂರೂ ಉಳಿದಿವೆ. "ನೋಂದಾಯಿಸಿ" ಎಂದರೆ 9, "ಹೆಸರು ಕೊಡಿ" ಎಂದರೆ 10. ಆ ಒಂದನ್ನು ಸಂತೋಷದಿಂದ ಖರ್ಚು ಮಾಡುತ್ತೇನೆ, ಏಕೆಂದರೆ ಎರಡನೆಯದು ಓದಿದ ತಕ್ಷಣ ಅರ್ಥವಾಗುತ್ತದೆ. ಕರೆ, ಖಾಲಿ ಜಾಗ, ಲಿಂಕ್ ಸೇರಿ 55. ಉಳಿದ ಮಾತಿಗೆ 225.

ಆಮೇಲೆ ಕಚೇರಿಯ ಕನ್ನಡ ಬಿಚ್ಚುವ ಕೆಲಸ. "ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ." ಎಂಬ 28ರ ಜಾಗಕ್ಕೆ "ಶಿಬಿರ:" ಸಾಕು, 6. ಗಂಟೆಗಳ ಸಾಲು 41 ಇದ್ದದ್ದು "ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ" ಆಗಿ 31ಕ್ಕೆ ಬಂತು. "ಭಾನುವಾರದಂದು" ಎನ್ನುವುದರಿಂದ "ದಂದು" ಬಿಟ್ಟರೆ ನಾಲ್ಕು ಉಳಿತಾಯ, ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಮಸ್ಕಾರ, ವತಿಯಿಂದ, ಆಸಕ್ತಿಯುಳ್ಳವರು ಮೂರನ್ನೂ ತೆಗೆದೆ. ಯಾರು ಹೇಳುತ್ತಿದ್ದಾರೆ ಎನ್ನುವುದು ಖಾತೆಯ ಹೆಸರಲ್ಲೇ ಇದೆ.

ಹಿಂಡುವಾಗ ಎರಡು ಕಡೆ ಕೈ ತಡೆಯಬೇಕಾಯಿತು. "18 ವರ್ಷ ಮೇಲ್ಪಟ್ಟ" ಎನ್ನುವುದನ್ನು "18+" ಮಾಡಿದರೆ 13 ಉಳಿಯುತ್ತದೆ, ಆದರೆ ಆ ಗುರುತು ಬೇರೆಯದೇ ಅರ್ಥಕ್ಕೆ ಮೀಸಲಾಗಿದೆ. "ಖಾಲಿ ಹೊಟ್ಟೆಯಲ್ಲಿ ಬರಬೇಡಿ." 24 ತಿನ್ನುತ್ತದೆ, "ತಿಂದು ಬನ್ನಿ." ಅದರ ಅರ್ಧ. ಆದರೆ "ತಿಂದು ಬನ್ನಿ" ಉಪಚಾರದ ಮಾತಿನಂತೆ ಕೇಳುತ್ತದೆ. ಅದನ್ನು ಷರತ್ತು ಎಂದು ಯಾರೂ ಓದುವುದಿಲ್ಲ, ಬರಿಹೊಟ್ಟೆಯಲ್ಲಿ ಬಂದವರು ತಲೆಸುತ್ತಿ ಕೂರುತ್ತಾರೆ. ಎರಡನ್ನೂ ಹಾಗೇ ಬಿಟ್ಟೆ.

ಇಷ್ಟು ಮಾಡುವಾಗ ಒಂದು ವಿಷಯ ಬಯಲಾಯಿತು: 366 ಖರ್ಚಾದ ಮೂಲದಲ್ಲಿ ಸ್ಥಳವೇ ಇರಲಿಲ್ಲ! ಅದನ್ನೂ ಸೇರಿಸಿ ನಿಂತದ್ದು ಇದು:

"ರಕ್ತದಾನ ಶಿಬಿರ: ಇದೇ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಗ್ರಂಥಾಲಯದ ಸಭಾಂಗಣದಲ್ಲಿ. 18 ವರ್ಷ ಮೇಲ್ಪಟ್ಟ ಆರೋಗ್ಯವಂತರು ಬನ್ನಿ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಶುಕ್ರವಾರದೊಳಗೆ ಇಲ್ಲಿ ಹೆಸರು ಕೊಡಿ:"

ಲಿಂಕ್ ಸೇರಿ 199. ಒಂದು ಪದವನ್ನೂ ಮೊಟಕು ಮಾಡಿಲ್ಲ, ಖಾಲಿ ಜಾಗ ನುಂಗಿಲ್ಲ. ಇನ್ನೂ 81 ಕೈಯಲ್ಲಿದೆ. ಆಗುವುದೇ ಇಲ್ಲ ಎಂದವರ ಮುಂದೆ ಇದನ್ನೇ ಇಟ್ಟೆ. ಸ್ಥಳದ ಹೆಸರು ತೀರಾ ಉದ್ದವಿದ್ದಾಗ ಬಳಸುವ ಇನ್ನೊಂದು ವರಸೆ ಇದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ ಕೆಲವು ಚಿಲ್ಲರೆ ಪ್ರಯೋಗಗಳೂ ಆದವು. ಕನ್ನಡ ಅಂಕಿ ಹಾಕಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎಮೋಜಿ ಒಂದಕ್ಕೆ 2. ರೂಪಾಯಿ ಚಿಹ್ನೆಗೂ 2, ಅದು ಎಕ್ಸ್‌ನ 1ರ ಲೆಕ್ಕದ ಅಕ್ಷರಗಳ ಪಟ್ಟಿಯಲ್ಲಿಲ್ಲ. ಕೆಲವು ಕೀಲಿಮಣೆಗಳು ಹಲಂತದಲ್ಲಿ ಮುಗಿಯುವ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಅದಕ್ಕೂ 1 ಬೀಳುತ್ತದೆ. ಪದದ ನಡುವೆ ಇದ್ದರೆ ಒತ್ತಕ್ಷರ ಆಗದಂತೆ ತಡೆಯಲು ಅದು ಬೇಕು, ಮುಂದೆ ಖಾಲಿ ಜಾಗ ಇದ್ದರೆ ಅಳಿಸಿಬಿಡಿ.

ಈ ಹಿಂಡುವಿಕೆ ದುಡ್ಡು ಉಳಿಸಿದ್ದು ಎಸ್ಸೆಮ್ಮೆಸ್‌ನಲ್ಲಿ. ಅಲ್ಲಿ ಕನ್ನಡಕ್ಕೆ ಒಂದು ಸಂದೇಶಕ್ಕೆ 70, ಅದು ಮೀರಿದರೆ ತುಂಡಿಗೆ 67. ಲಿಂಕ್ ಇದ್ದಷ್ಟೂ ಉದ್ದ ಎಣಿಕೆಗೆ ಬರುತ್ತದೆ. 20ರ ಗಿಡ್ಡ ಲಿಂಕ್ ಹಾಕಿದರೆ ಮೂಲ ಸಂದೇಶ 363, ಅಂದರೆ ಆರು ತುಂಡು. ಹೊಸದು 196, ಮೂರೇ ತುಂಡು. ಬಿಲ್ಲು ಬರುವುದು ತುಂಡಿನ ಲೆಕ್ಕದಲ್ಲಿ. ಸಾವಿರ ಜನರಿಗೆ ಕಳಿಸಿದರೆ ಆರು ಸಾವಿರದ ಬದಲು ಮೂರು ಸಾವಿರ ತುಂಡಿಗೆ ಕೊಟ್ಟರಾಯಿತು. "ಒಟ್ಟು ಒಂದು ಗಂಟೆ ಸಾಕು." ಎಂದು ಸೇರಿಸುವ ಆಸೆ ಇತ್ತು. ಎಕ್ಸ್‌ನಲ್ಲಿ ಧಾರಾಳವಾಗಿ ಸೇರಿಸಬಹುದು. ಎಸ್ಸೆಮ್ಮೆಸ್‌ನಲ್ಲಿ ಅದು 218 ಆಗಿ ನಾಲ್ಕನೇ ತುಂಡಿಗೆ ಕಾಲಿಡುತ್ತದೆ, ಬಿಟ್ಟೆ.

ಇಲ್ಲಿಯೂ ಒಮ್ಮೆ ಪೆಟ್ಟು ಬಿತ್ತು. ಇದೇ ಸಾಲುಗಳು, ಅಕ್ಷರಶಃ ಒಂದೇ, ಆದರೂ ಬಿಲ್ಲಿನಲ್ಲಿ ನಾಲ್ಕು ತುಂಡು. ಪಿಡಿಎಫ್‌ನಿಂದ ನಕಲು ಮಾಡಿದ್ದರಿಂದ ಕೆಲವು ಚಿಹ್ನೆಗಳು ಒಡೆದು ಬಂದಿದ್ದವು. "ಕೊ"ನ ಚಿಹ್ನೆ ಒಂದರ ಬದಲು ಎರಡು ತುಣುಕು, "ದೇ"ಯದೂ ಎರಡು, "ರೋ"ನದು ಮೂರು. ತೆರೆಯ ಮೇಲೆ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಈ ಸಂದೇಶದಲ್ಲಿ ಅಂಥವು ಏಳು ಇವೆ, ಎಂಟು ಹೆಚ್ಚಾಗಿ 196 ಇದ್ದದ್ದು 204 ಆಯಿತು. ಮೂರು ತುಂಡಿನ ಮಿತಿ 201. ಎಕ್ಸ್ ಎಣಿಸುವ ಮೊದಲೇ ಇವನ್ನು ಕೂಡಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಪತ್ತೆಯಾಗಲೇ ಇಲ್ಲ. ಈಗ ಎಸ್ಸೆಮ್ಮೆಸ್ ಕಳಿಸುವ ಮೊದಲು ಸಂದೇಶವನ್ನು post.txt ಕಡತದಲ್ಲಿಟ್ಟು ಈ ಪೈಥಾನ್ ಸಾಲುಗಳನ್ನು ಓಡಿಸುತ್ತೇನೆ:

```
import unicodedata
s = open("post.txt", encoding="utf-8").read().strip()
n = unicodedata.normalize("NFC", s)
print(len(s), len(n))
open("post.txt", "w", encoding="utf-8").write(n)
```

ಎರಡು ಸಂಖ್ಯೆ ಬೇರೆ ಬಂದರೆ ಒಡೆದ ಚಿಹ್ನೆ ಇತ್ತೆಂದು ಅರ್ಥ. ಕೊನೆಯ ಸಾಲು ಸರಿಪಡಿಸಿದ್ದನ್ನು ಅದೇ ಕಡತಕ್ಕೆ ಬರೆಯುತ್ತದೆ, ಕಳಿಸುವಾಗ ಅಲ್ಲಿಂದಲೇ ನಕಲು ಮಾಡಿ. ಎಮೋಜಿ ಇದ್ದರೆ ಈ ಎಣಿಕೆ ಸಾಲದು, ಎಸ್ಸೆಮ್ಮೆಸ್‌ನಲ್ಲಿ ಬಹುತೇಕ ಎಮೋಜಿಗಳು ಎರಡೆರಡು ಜಾಗ ಹಿಡಿಯುತ್ತವೆ, ಕೆಲವು ಅದಕ್ಕೂ ಹೆಚ್ಚು.