ಯೂಟ್ಯೂಬ್ ಆ್ಯಪ್‌ನಿಂದ ವಿಡಿಯೊದ ವಿಳಾಸ ನಕಲು ಮಾಡುವುದು ಹೇಗೆ?

ಮೊಬೈಲಿನ ಬ್ರೌಸರ್‌ನಲ್ಲಿ ತೆರೆದ ಪುಟದ ವಿಳಾಸ ಪರದೆಯ ಮೇಲೋ ಕೆಳಗೋ ಒಂದು ಪಟ್ಟಿಯಲ್ಲಿ ಕಾಣುತ್ತದೆ. ಯೂಟ್ಯೂಬ್ ಆ್ಯಪ್‌ನಲ್ಲಿ ಅಂಥ ಪಟ್ಟಿ ಇಲ್ಲ. ಶಿಕ್ಷಕಿಯಾಗಿರುವ ನನ್ನ ಅತ್ತಿಗೆ, ತಾವು ಪಾಠಕ್ಕೆ ಬಳಸಿದ ವಿಡಿಯೊದ ಲಿಂಕನ್ನು ಒಂದು ಆನ್‌ಲೈನ್ ನಮೂನೆಯಲ್ಲಿ ತುಂಬಬೇಕಾಗಿ ಬಂದಾಗ ಅದೆಲ್ಲಿದೆಯೆಂದು ತಿಳಿಯದೆ, ವಿಡಿಯೊ ಓಡುತ್ತಿದ್ದ ಪರದೆಯ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳುಹಿಸಿದ್ದರು. ಚಿತ್ರದಲ್ಲಿ ಶೀರ್ಷಿಕೆಯಿತ್ತು, ಚಾನೆಲ್‌ನ ಹೆಸರಿತ್ತು, ವಿಳಾಸ ಮಾತ್ರ ಇರಲಿಲ್ಲ. ಅದು ಸಿಗುವುದು ಹಂಚಿಕೆಯ ಮೆನುವಿನಲ್ಲಿ.

ಉದಾಹರಣೆಗೆ, ಯೂಟ್ಯೂಬ್‌ಗೆ ಮೊತ್ತಮೊದಲು ಏರಿಸಿದ, 2005ರ ಏಪ್ರಿಲ್ 23ರ ದಿನಾಂಕವುಳ್ಳ, 19 ಸೆಕೆಂಡಿನ ವಿಡಿಯೊವನ್ನೇ ತೆಗೆದುಕೊಳ್ಳೋಣ. ಹುಡುಕಾಟದಲ್ಲಿ Me at the zoo ಎಂದು ಬರೆದರೆ ಅದು ಸಿಗುತ್ತದೆ. ವಿಡಿಯೊ ತೆರೆದ ಮೇಲೆ ಶೀರ್ಷಿಕೆಯ ಕೆಳಗೆ ಗುಂಡಿಗಳ ಒಂದು ಸಾಲಿರುತ್ತದೆ. ಬಲಕ್ಕೆ ಬಾಗಿದ ಬಾಣದ ಗುರುತಿರುವ Share ಗುಂಡಿಯನ್ನು ಒತ್ತಿ. ಅದು ಕಾಣದಿದ್ದರೆ ಆ ಸಾಲನ್ನು ಎಡಕ್ಕೆ ಸರಿಸಿ ನೋಡಿ. ಪರದೆಯ ಕೆಳಭಾಗದಿಂದ ಒಂದು ಫಲಕ ಮೇಲೇಳುತ್ತದೆ. ಅದರಲ್ಲಿ ವಾಟ್ಸ್‌ಆ್ಯಪ್ ಮುಂತಾದವುಗಳ ಚಿಹ್ನೆಗಳ ಜೊತೆಗೆ Copy link ಎಂಬುದೂ ಇರುತ್ತದೆ. ಅದನ್ನು ಒಮ್ಮೆ ಒತ್ತಿದರೆ ವಿಳಾಸ ಫೋನಿನ ತಾತ್ಕಾಲಿಕ ನೆನಪಿನಲ್ಲಿ, ಅಂದರೆ ಕ್ಲಿಪ್‌ಬೋರ್ಡ್‌ನಲ್ಲಿ, ಉಳಿಯುತ್ತದೆ. ಆಂಡ್ರಾಯ್ಡ್ 13 ಮತ್ತು ಅದರ ನಂತರದ ಹಲವು ಫೋನುಗಳಲ್ಲಿ ನಕಲಾದ ಅಕ್ಷರಗಳು ಪರದೆಯ ಕೆಳಮೂಲೆಯಲ್ಲಿ ಕ್ಷಣಕಾಲ ಕಾಣುವುದರಿಂದ ಕೆಲಸವಾಯಿತೆಂದು ಅಲ್ಲೇ ಗೊತ್ತಾಗುತ್ತದೆ.

ಈಗ ವಿಳಾಸ ಬೇಕಾದ ಜಾಗಕ್ಕೆ ಹೋಗಿ, ಖಾಲಿ ಚೌಕದಲ್ಲಿ ಬೆರಳನ್ನು ಒತ್ತಿ ಹಿಡಿದು, Paste ಎಂಬುದನ್ನು ಆರಿಸಿ. ಐಫೋನ್ ಇಲ್ಲಿ ಅನುಮತಿ ಕೇಳಿದರೆ Allow Paste ಒತ್ತಬೇಕು. ನಡುವೆ ಬೇರೇನನ್ನಾದರೂ ನಕಲು ಮಾಡಿದ್ದರೆ ಅಂಟಿಕೊಳ್ಳುವುದು ಆ ಹೊಸದೇ ಆಗಿರುತ್ತದೆ. ಬಂದ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ. ಚುಕ್ಕಿಗಳಿರುವಲ್ಲಿ ನಿಮ್ಮ ಫೋನಿನಲ್ಲಿ ಕೆಲವು ಅಕ್ಷರಗಳಿರುತ್ತವೆ:

```
https://youtu.be/jNQXAC9IVRw?si=...
```

ಈ ಸಾಲನ್ನು ಒಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು. ಓರೆಗೆರೆಯ ನಂತರದ jNQXAC9IVRw ಎಂಬ 11 ಅಕ್ಷರಗಳೇ ವಿಡಿಯೊದ ನಿಜವಾದ ಗುರುತು. ಪ್ರಶ್ನಾರ್ಥಕ ಚಿಹ್ನೆಯಿಂದಾಚೆಗಿನ si ಭಾಗ ಹಂಚಿಕೆಯ ಜಾಡು ಹಿಡಿಯಲು ಸೇರಿಸಿದ್ದು. ಪ್ರಶ್ನಾರ್ಥಕ ಚಿಹ್ನೆಯ ಸಮೇತ ಅದನ್ನು ಅಳಿಸಿದರೂ ವಿಡಿಯೊ ತೆರೆದುಕೊಳ್ಳುತ್ತದೆ. ನಾನು ಯಾವಾಗಲೂ ಅಳಿಸಿಯೇ ಕಳುಹಿಸುತ್ತೇನೆ. ಕೆಲವು ನಮೂನೆಗಳು ಚಿಕ್ಕ ವಿಳಾಸವನ್ನು ಒಪ್ಪದೆ youtube.com ಎಂದೇ ಇರಬೇಕೆನ್ನುತ್ತವೆ. ಆಗ ಅದೇ 11 ಅಕ್ಷರಗಳನ್ನು ಈ ರೀತಿ ಕೂಡಿಸಿದರೆ ಸಾಕು:

```
https://www.youtube.com/watch?v=jNQXAC9IVRw
```

ಆದರೆ ಆ 11 ಅಕ್ಷರಗಳನ್ನು ಕಾಗದದಲ್ಲಿ ಬರೆದುಕೊಂಡು ಮತ್ತೆ ಟೈಪ್ ಮಾಡುವ ಸಾಹಸ ಬೇಡ. ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆಯೆಂದೇ ಲೆಕ್ಕ. ಮೇಲಿನ ಗುರುತಿನಲ್ಲಿ 9ರ ನಂತರ ಇರುವುದು ದೊಡ್ಡಕ್ಷರದ I. ಅದನ್ನು ಸಣ್ಣಕ್ಷರದ l ಎಂದೋ 1 ಎಂದೋ ಓದಿಕೊಂಡರೆ ಈ ವಿಡಿಯೊ ಸಿಗುವುದಿಲ್ಲ.

ಹೆಚ್ಚಾಗಿ ಆಗುವ ಇನ್ನೊಂದು ತಪ್ಪೆಂದರೆ ಬೇರೆ ಪುಟದ ವಿಳಾಸವನ್ನು ನಕಲು ಮಾಡುವುದು. ಪ್ಲೇಲಿಸ್ಟ್‌ನ ಪುಟದಲ್ಲಿರುವಾಗ ಹಂಚಿಕೆಯ ಗುಂಡಿ ಒತ್ತಿದರೆ ಇಡೀ ಪಟ್ಟಿಯ ವಿಳಾಸ ಬರುತ್ತದೆ, ಚಾನೆಲ್‌ನ ಪುಟದಲ್ಲಿ ಒತ್ತಿದರೆ ಚಾನೆಲ್‌ನದು. ಅಂಟಿಸಿದ ಸಾಲಿನಲ್ಲಿ playlist ಎಂಬ ಪದವೋ @ ಚಿಹ್ನೆಯೋ ಕಂಡರೆ, ವಿಡಿಯೊವನ್ನೇ ತೆರೆದು ಮತ್ತೆ ನಕಲು ಮಾಡಬೇಕು. shorts ಎಂದಿದ್ದರೆ ಚಿಂತೆಯಿಲ್ಲ. ಅದು ಕಿರು ವಿಡಿಯೊದ ವಿಳಾಸ, ಅದರಲ್ಲೂ ಅದೇ ಬಗೆಯ 11 ಅಕ್ಷರಗಳಿರುತ್ತವೆ.

ವಿಳಾಸ ಸರಿಯಿದ್ದೂ ಎದುರಿನವರಿಗೆ ವಿಡಿಯೊ ತೆರೆಯದಿರುವುದುಂಟು. ನೀವೇ ಏರಿಸಿದ ವಿಡಿಯೊ Private ಎಂಬ ವ್ಯವಸ್ಥೆಯಲ್ಲಿದ್ದರೆ ನಿಮ್ಮ ಫೋನಿನಲ್ಲಿ ಅದು ಸರಾಗವಾಗಿ ಓಡುತ್ತದೆ, ಲಿಂಕ್ ಪಡೆದವರಿಗೆ ಓಡುವುದಿಲ್ಲ. ಅದನ್ನು Unlisted ಎಂದು ಬದಲಿಸಿದರೆ ಲಿಂಕ್ ಇದ್ದವರೆಲ್ಲ ನೋಡಬಹುದು. ಅತ್ತಿಗೆಯದು ಬೇರೆಯವರ ವಿಡಿಯೊ ಆಗಿದ್ದರಿಂದ ಈ ತೊಡಕು ಬರಲಿಲ್ಲ. ಆದರೂ ನಮೂನೆ ಸಲ್ಲಿಸುವ ಮೊದಲು ಆ ಸಾಲನ್ನು ಅಣ್ಣನ ಫೋನಿಗೆ ಕಳುಹಿಸಿ, ಅದೇ ಪಾಠ ತೆರೆಯುತ್ತದೆಯೇ ಎಂದು ನೋಡಿಕೊಂಡರು.