ತಾಮ್ರದ ತಂತಿಗೆ ಎರಡು ಗ್ರಾಫ್ ಬೇಕು: ಎಳೆತ ಪರೀಕ್ಷೆಯ ವರದಿ ಬರೆಯುವ ಬಗೆ

ಕಾಲೇಜಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ರೆಕಾರ್ಡ್ ಪುಸ್ತಕ ತಿದ್ದಿದವನು ನಾನು. ತಂತಿಯ ಎಳೆತ ಪರೀಕ್ಷೆಯ ವರದಿಗಳಲ್ಲಿ, ತೂಕ ಏರಿದಂತೆ ತಂತಿ ಹಿಗ್ಗುವುದನ್ನು ತೋರಿಸುವ ಗ್ರಾಫಿನಲ್ಲಿ, ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು. ನೇರ ಗೆರೆ, ಆಮೇಲೆ ಒಂದು ಗೂನು, ಒಂದು ತಗ್ಗು, ಮತ್ತೆ ಏರು. ಇದು ಮೆದು ಉಕ್ಕಿನ ಚಿತ್ರ, ಪಠ್ಯಪುಸ್ತಕದಲ್ಲಿರುವುದು. ಹುಡುಗರು ಎಳೆದದ್ದು ತಾಮ್ರದ ತಂತಿಯನ್ನು. ತಾಮ್ರಕ್ಕೆ ಆ ಗೂನೂ ಇಲ್ಲ, ತಗ್ಗೂ ಇಲ್ಲ. ನೇರ ಗೆರೆ ಸದ್ದಿಲ್ಲದೆ ಬಾಗುತ್ತದೆ, ಅಷ್ಟೇ. ಕೈಯಲ್ಲಿ ಅಳೆದ ಅಂಕಿ ಒಂದು, ಕಾಗದದ ಮೇಲಿನ ಚಿತ್ರ ಇನ್ನೊಂದು.

ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ 26 ಗೇಜಿನ ತಾಮ್ರದ ತಂತಿಯನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ಹಂತ 1: ದಪ್ಪ ಅಳೆಯುವುದು

ರಿವೈಂಡಿಂಗ್ ತಂತಿಯ ಮೈಮೇಲೆ ಎನಾಮೆಲ್ ಲೇಪ ಇರುತ್ತದೆ. ಅದರ ಮೇಲೆಯೇ ಸ್ಕ್ರೂಗೇಜ್ ಹಿಡಿದರೆ 0.50 ಮಿ.ಮೀ. ಬರುತ್ತದೆ, ಒಳಗಿನ ತಾಮ್ರ 0.46 ಮಾತ್ರ. ವ್ಯತ್ಯಾಸ ಕೂದಲೆಳೆಯಷ್ಟು ಎನಿಸಬಹುದು. ಆದರೆ ವಿಸ್ತೀರ್ಣಕ್ಕೆ ವ್ಯಾಸದ ವರ್ಗ ಬೇಕು. 0.46ಕ್ಕೆ ವಿಸ್ತೀರ್ಣ 0.166 ಚದರ ಮಿ.ಮೀ., 0.50ಕ್ಕೆ 0.196. ಈ ಪ್ರಯೋಗದಿಂದ ತೆಗೆಯಬೇಕಾದದ್ದು ಯಂಗ್ ಮಾಡ್ಯುಲಸ್, ತಂತಿ ಹಿಗ್ಗದಂತೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದರ ಅಳತೆ. ಲೇಪವನ್ನು ಮರೆತ ಒಂದೇ ಕಾರಣಕ್ಕೆ ಅದು ಶೇ 15ರಷ್ಟು ಇಳಿಯುತ್ತದೆ. ಲೇಪವನ್ನು ಮರಳು ಕಾಗದದಿಂದ ಉಜ್ಜಬೇಡಿ, ತಾಮ್ರವೂ ಸವೆಯುತ್ತದೆ. ಅದೇ ಸುರುಳಿಯಿಂದ ಬೇರೆ ತುಂಡೊಂದನ್ನು ಕತ್ತರಿಸಿ, ಲೈಟರ್ ಜ್ವಾಲೆಯಲ್ಲಿ ಲೇಪವನ್ನು ಸುಟ್ಟು, ಮಸಿ ಒರೆಸಿ ಅಳೆಯಿರಿ. ಎಳೆಯುವ ತಂತಿಯನ್ನು ಮಾತ್ರ ಬೆಂಕಿಗೆ ಹಿಡಿಯಬೇಡಿ, ಬಿಸಿ ತಾಗಿದ ಕಡೆ ಅದು ಇನ್ನಷ್ಟು ಮೆತ್ತಗಾಗುತ್ತದೆ. ಐದು ಜಾಗದಲ್ಲಿ, ಪ್ರತಿ ಜಾಗದಲ್ಲೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ವ್ಯಾಸ ಅಳೆಯಬೇಕು; ಸ್ಕ್ರೂಗೇಜಿನ ಶೂನ್ಯ ದೋಷವನ್ನು ಕಳೆಯಬೇಕು.

ಅಂಗಡಿಯಲ್ಲಿ ಒಂದು ಮೋಸವೂ ಇದೆ. ತಾಮ್ರ ಎಂದು ಕೊಡುವ ಅಗ್ಗದ ತಂತಿ ಕೆಲವೊಮ್ಮೆ ತಾಮ್ರದ ತೊಗಟೆ ಹೊದ್ದ ಅಲ್ಯೂಮಿನಿಯಂ ಆಗಿರುತ್ತದೆ. ಚಾಕುವಿನಿಂದ ಆಳವಾಗಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಕೊಳ್ಳುವ ಮೊದಲೇ ಕೆರೆಯಿರಿ.

ಹಂತ 2: ತೂಗುಹಾಕುವುದು

ಸರ್ಲ್ ಉಪಕರಣವಿದ್ದರೆ ಅದನ್ನೇ ಬಳಸಿ. ಒಂದೇ ಆಧಾರದಿಂದ ಇಳಿಬಿದ್ದ, ಒಂದೇ ಸುರುಳಿಯ ಎರಡು ತಂತಿಗಳು, ನಡುವೆ ಸ್ಪಿರಿಟ್ ಲೆವೆಲ್, ಪಕ್ಕದಲ್ಲಿ 0.01 ಮಿ.ಮೀ. ಓದುವ ಸ್ಕ್ರೂ. ಎರಡನೆಯ ತಂತಿ ಅಲಂಕಾರಕ್ಕಲ್ಲ. 2 ಮೀಟರ್ ತಾಮ್ರದ ತಂತಿ ಒಂದು ಡಿಗ್ರಿ ಬಿಸಿಯಾದರೆ 0.034 ಮಿ.ಮೀ. ಹಿಗ್ಗುತ್ತದೆ. ನಾವು 100 ಗ್ರಾಂ ಹಾಕಿದಾಗ ಬರುವ ಹಿಗ್ಗು ಸುಮಾರು 0.10 ಮಿ.ಮೀ. ಪಕ್ಕದ ತಂತಿ ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲನ್ನೂ ಮಾಡ್ಯುಲಸ್‌ಗೆ ಸೇರಿಸಿ ಬರೆದಂತಾಗುತ್ತದೆ. ತೊಲೆ ಬಗ್ಗಿದರೆ ಎರಡೂ ತಂತಿ ಒಟ್ಟಿಗೆ ಇಳಿಯುವುದರಿಂದ ಆ ತಪ್ಪೂ ತಪ್ಪುತ್ತದೆ.

ತಂತಿಯ ಮೇಲ್ತುದಿಯನ್ನು ಹಿಡಿದ ಚಕ್‌ನಿಂದ ಸ್ಪಿರಿಟ್ ಲೆವೆಲ್ ಚೌಕಟ್ಟಿನವರೆಗಿನ ತಂತಿಯ ಉದ್ದವನ್ನು ಒಮ್ಮೆ ಅಳೆದು ಬರೆದುಕೊಳ್ಳಿ. ನಮ್ಮದು 2,000 ಮಿ.ಮೀ.

ಹಂತ 3: ಓದುವುದು, ಮತ್ತು ನೇರ ಭಾಗ ಎಲ್ಲಿಯವರೆಗೆ ಎಂದು ಹುಡುಕುವುದು

ಎಡವುವುದು ಇಲ್ಲಿಯೇ. ಸುರುಳಿಯಿಂದ ಬಿಚ್ಚಿದ ತಂತಿಯಲ್ಲಿ ಸಣ್ಣ ಸಣ್ಣ ಸೊಟ್ಟ ಉಳಿದಿರುತ್ತದೆ. ಮೊದಲ ತೂಕಗಳು ತಂತಿಯನ್ನು ಹಿಗ್ಗಿಸುವುದಿಲ್ಲ, ಸೊಟ್ಟವನ್ನು ನೆಟ್ಟಗೆ ಮಾಡುತ್ತವೆ. ನಮ್ಮ ತಂತಿಯಲ್ಲಿ ಮೊದಲ 200 ಗ್ರಾಂಗೆ ಚೌಕಟ್ಟು 0.90 ಮಿ.ಮೀ. ಇಳಿಯಿತು. ಅಲ್ಲಿಂದ 700 ಗ್ರಾಂವರೆಗೆ ಇಳಿದದ್ದು ಬರೀ 0.50. ಇದೆಲ್ಲವನ್ನೂ ಸೇರಿಸಿ 700 ಗ್ರಾಂಗೆ 1.40 ಮಿ.ಮೀ. ಎಂದು ಭಾಗಿಸಿದರೆ ಸಿಗುವ ಮಾಡ್ಯುಲಸ್ 59 ಗಿಗಾಪಾಸ್ಕಲ್. ಅಂದರೆ ತಾಮ್ರದ ಅರ್ಧ. ಆದ್ದರಿಂದ 200 ಗ್ರಾಂ ತೂಗುಹಾಕಿ, ಅದನ್ನು ತೆಗೆಯದೆ, ಅಲ್ಲಿಂದ ಸೊನ್ನೆ ಎಣಿಸಿ. ತೂಕ ಎಷ್ಟಿತ್ತೆಂದು ವರದಿಯಲ್ಲಿ ಬರೆಯಿರಿ.

ಪ್ರತಿ ತೂಕದ ನಂತರ ಒಂದು ನಿಮಿಷ ಕಾದು ಓದಬೇಕು. ಆ ಒಂದು ನಿಮಿಷವನ್ನೂ ವರದಿಯಲ್ಲಿ ನಮೂದಿಸಬೇಕು, ಏಕೆಂದರೆ ತೂಕ ಹೆಚ್ಚಾದ ಮೇಲೆ ಮೆತ್ತನೆಯ ತಾಮ್ರ ನೋಡುತ್ತಿರುವಾಗಲೇ ತೆವಳುತ್ತ ಹಿಗ್ಗುತ್ತದೆ. ಬೇಗ ಓದಿದವನಿಗೂ ತಡವಾಗಿ ಓದಿದವನಿಗೂ ಬೇರೆ ಬೇರೆ ಅಂಕಿ ಸಿಗುತ್ತದೆ.

ನಮ್ಮ ಅಂಕಿಗಳು ಹೀಗಿದ್ದವು:

| ತೂಕ, ಗ್ರಾಂ | ಹಿಗ್ಗು, ಮಿ.ಮೀ. | ಹಿಂದಿನದಕ್ಕಿಂತ ಹೆಚ್ಚು |
|---|---|---|
| 200 | 0.00 | – |
| 300 | 0.10 | 0.10 |
| 400 | 0.21 | 0.11 |
| 500 | 0.30 | 0.09 |
| 600 | 0.40 | 0.10 |
| 700 | 0.50 | 0.10 |
| 800 | 0.63 | 0.13 |
| 900 | 0.82 | 0.19 |
| 1000 | 1.10 | 0.28 |

ಮೂರನೆಯ ಕಾಲಂ ಅನ್ನು ಯಾರೂ ಬರೆಯುವುದಿಲ್ಲ. ನನ್ನ ಮಾತು ಕೇಳುವುದಾದರೆ ಅದಿಲ್ಲದ ಕೋಷ್ಟಕವನ್ನು ಸಲ್ಲಿಸಲೇಬೇಡಿ. 700 ಗ್ರಾಂವರೆಗೆ ಏರಿಕೆ 0.10ರ ಆಸುಪಾಸಿನಲ್ಲೇ ಆಡುತ್ತದೆ, 0.09, 0.11 ಆದದ್ದು ಸ್ಕ್ರೂ ಓದುವಾಗಿನ ಅಲುಗಾಟ. 800ರಲ್ಲಿ 0.13, ಮುಂದೆ 0.19, ಆಮೇಲೆ 0.28. ಇದು ಅಲುಗಾಟವಲ್ಲ, ಒಂದೇ ದಿಕ್ಕಿಗೆ ಬೆಳೆಯುತ್ತಿದೆ. ನೇರ ಭಾಗ 700ಕ್ಕೆ ಮುಗಿಯಿತು. ಗ್ರಾಫನ್ನು ಕಣ್ಣಳತೆಯಲ್ಲಿ ನೋಡಿದವರಿಗೆ 800ನೆಯ ಚುಕ್ಕೆಯೂ ಗೆರೆಯ ಮೇಲೆಯೇ ಕೂತಂತೆ ಕಾಣುತ್ತದೆ. 200ರ ಚುಕ್ಕೆಯಿಂದ 1000ದ ಚುಕ್ಕೆಗೆ ಸ್ಕೇಲ್ ಇಟ್ಟು ಎಳೆದರೆ ಸಿಗುವುದು 86 ಗಿಗಾಪಾಸ್ಕಲ್.

ಅನುಮಾನ ಉಳಿದರೆ ತೂಕ ಇಳಿಸಿ ನೋಡಿ. 700ರಿಂದ 200ಕ್ಕೆ ಇಳಿಸಿದಾಗ ಸ್ಕ್ರೂ ಮತ್ತೆ ಸೊನ್ನೆಗೆ ಬಂತು. 1000 ಮುಟ್ಟಿ 200ಕ್ಕೆ ಇಳಿಸಿದಾಗ 0.30ರಲ್ಲಿ ನಿಂತಿತು. ಅಷ್ಟು ಹಿಗ್ಗು ತಂತಿಯಲ್ಲಿ ಖಾಯಂ ಆಗಿ ಉಳಿಯಿತು ಎಂದರ್ಥ. ಹಿಂದಿರುಗಿದ ಭಾಗ 0.80 ಮಿ.ಮೀ., ಇಳಿಸಿದ ತೂಕ 800 ಗ್ರಾಂ. ಅದೇ 100 ಗ್ರಾಂಗೆ 0.10. ತಂತಿ ಸೋತ ಮೇಲೂ ಇಳಿಸುವ ದಾರಿಯ ಓರೆ ಬದಲಾಗುವುದಿಲ್ಲ. ಮೆತ್ತನೆಯ ತಾಮ್ರಕ್ಕೆ ಮಾಡ್ಯುಲಸ್ ತೆಗೆಯಲು ಏರಿಸುವಾಗಿನ ಅಂಕಿಗಿಂತ ಇಳಿಸುವಾಗಿನ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಸಮಯವಿಲ್ಲ ಎಂದು ಇಳಿಕೆಯ ಓದನ್ನು ಬಿಟ್ಟು, ಮನೆಯಲ್ಲಿ ಕೂತು ಏರಿಕೆಯ ಅಂಕಿಯನ್ನೇ ತಿರುವಿ ಬರೆಯುವವರು ಇದ್ದಾರೆ. 1000ದಿಂದ ಇಳಿದು ಸರಿಯಾಗಿ ಸೊನ್ನೆಗೆ ಬರುವ ಮೆತ್ತನೆಯ ತಾಮ್ರವನ್ನು ನಾನು ರೆಕಾರ್ಡ್ ಪುಸ್ತಕಗಳಲ್ಲಿ ಮಾತ್ರ ಕಂಡಿದ್ದೇನೆ.

ಹಂತ 4: ಮಾಡ್ಯುಲಸ್

ಸ್ಟ್ರೆಸ್ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಸ್ಟ್ರೇನ್ ಎಂದರೆ ಹಿಗ್ಗನ್ನು ಮೂಲ ಉದ್ದದಿಂದ ಭಾಗಿಸಿದ್ದು. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ 9.78. ಸೊನ್ನೆಯ ನಂತರ ಸೇರಿಸಿದ 500 ಗ್ರಾಂ ಎಂದರೆ 4.89 ನ್ಯೂಟನ್. ಅದನ್ನು 0.1662ರಿಂದ ಭಾಗಿಸಿದರೆ 29.4 ಮೆಗಾಪಾಸ್ಕಲ್. 0.50ನ್ನು 2,000ದಿಂದ ಭಾಗಿಸಿದರೆ ಸ್ಟ್ರೇನ್ 0.00025. ಸ್ಟ್ರೆಸ್ಸನ್ನು ಸ್ಟ್ರೇನ್‌ನಿಂದ ಭಾಗಿಸಿದ್ದೇ ಮಾಡ್ಯುಲಸ್: ಸುಮಾರು 1,18,000 ಮೆಗಾಪಾಸ್ಕಲ್, ಅಂದರೆ 118 ಗಿಗಾಪಾಸ್ಕಲ್. ಕೈಪಿಡಿಗಳು ತಾಮ್ರಕ್ಕೆ ಕೊಡುವ 110ರಿಂದ 130ರ ನಡುವೆಯೇ ಇದೆ. ಎಪ್ಪತ್ತರಿಂದ ತೊಂಬತ್ತರ ನಡುವೆ ಬಂದರೆ ಲೆಕ್ಕ ತಿದ್ದುವ ಮೊದಲು ಚಾಕು ತನ್ನಿ, ತಂತಿ ಕೆರೆಯಿರಿ.

ಎರಡು ಚುಕ್ಕೆಗಳಿಗಿಂತ ಆರೂ ಚುಕ್ಕೆಗಳ ಓರೆ ಒಳ್ಳೆಯದು. ಕಂಪ್ಯೂಟರ್‌ನಲ್ಲಿ ಮಾಡುವುದಾದರೆ ಸ್ಟ್ರೇನ್ B ಕಾಲಂನಲ್ಲಿ, ಸ್ಟ್ರೆಸ್ C ಕಾಲಂನಲ್ಲಿ ಇರಲಿ:

```
=SLOPE(C2:C7,B2:B7)
```

ಸ್ಟ್ರೆಸ್ ಮೊದಲು. ತಿರುಗಿಸಿ ಬರೆದರೆ ತೀರಾ ಚಿಕ್ಕ ಅಂಕಿ ಬರುತ್ತದೆ, ಆಗ ತಿಳಿಯುತ್ತದೆ. ಗ್ರಾಫಿನಿಂದ ತೆಗೆಯುವವರು ಗೆರೆಯನ್ನು ಮೂಲಬಿಂದುವಿಗೆ ಬಲವಂತವಾಗಿ ಎಳೆದು ತರಬಾರದು. ನಮ್ಮ ಸೊನ್ನೆಯೇ 200 ಗ್ರಾಂ ಮೇಲಿದೆ. ಚುಕ್ಕೆಗಳನ್ನು ನುಣುಪಾಗಿ ಸೇರಿಸುವ ಬಳ್ಳಿಯಂಥ ಗೆರೆಯಂತೂ ಬೇಡವೇ ಬೇಡ.

ತಪ್ಪಿನ ಅಂದಾಜನ್ನು ಎರಡೇ ಸಾಲಿನಲ್ಲಿ ಮುಗಿಸಬಹುದು. ವ್ಯಾಸದಲ್ಲಿ 0.005 ಮಿ.ಮೀ. ಎಂದರೆ ಶೇ 1.1, ವರ್ಗದಿಂದಾಗಿ ಶೇ 2.2, ಹಿಗ್ಗಿನಲ್ಲಿ 0.01 ಎಂದರೆ ಶೇ 2. ಉದ್ದದ ಪಾಲು ಶೇ 0.1ರಷ್ಟೇ. ಒಟ್ಟು ಶೇ 4ಕ್ಕೆ ತುಸು ಮೇಲೆ. ಆದ್ದರಿಂದ 118 ± 5 ಎಂದು ಬರೆಯಿರಿ. ಕ್ಯಾಲ್ಕುಲೇಟರ್ ಕೊಟ್ಟ 117.6895 ಎಂಬ ಉದ್ದದ ಬಾಲ ಯಾರಿಗೂ ಬೇಡ.

ಹಂತ 5: ಕಡಿಯುವವರೆಗೆ, ಇನ್ನೊಂದು ಗ್ರಾಫ್

ಅದೇ ಸುರುಳಿಯ ಹೊಸ ತುಂಡು, 1 ಮೀಟರ್. ಮೇಜಿನ ಒಂದು ತುದಿಯಲ್ಲಿ ಬಿಗಿ ಹಿಡಿತ, ಇನ್ನೊಂದರಲ್ಲಿ ರಾಟೆ, ಪಕ್ಕದಲ್ಲಿ ಮೀಟರ್ ಸ್ಕೇಲ್, ತೂಕದ ಕೆಳಗೆ ಮರಳಿನ ಬುಟ್ಟಿ. ಕಣ್ಣಿಗೆ ಕನ್ನಡಕ ಕಡ್ಡಾಯ. ತುದಿಗಳನ್ನು ಗಂಟು ಹಾಕದೆ ದಪ್ಪ ಕೊರಡಿಗೆ ಹಲವು ಸುತ್ತು ಸುತ್ತಿ ಬಿಗಿಯಿರಿ. ಹಿಡಿತದ ಬಾಯಿಯಲ್ಲೇ ತಂತಿ ಕಡಿದರೆ ಆ ಓದು ಲೆಕ್ಕಕ್ಕಿಲ್ಲ: ಅದು ಗಾಯಗೊಂಡ ಜಾಗದ ಬಲ, ತಂತಿಯದಲ್ಲ.

ನಮ್ಮ ತಂತಿ 3.7 ಕೆ.ಜಿ.ಗೆ ನಡುವೆ ಕಡಿಯಿತು, ತೂಕದ ಕೊಕ್ಕೆಯೂ ಸೇರಿ. ಹಿಗ್ಗು 23 ಸೆಂ.ಮೀ. ಕಡಿಯುವಾಗಿನ ಸ್ಟ್ರೆಸ್ 218 ಮೆಗಾಪಾಸ್ಕಲ್. ಇದು ಮೂಲ ವಿಸ್ತೀರ್ಣದ ಮೇಲಿನ ಲೆಕ್ಕ ಎಂದು ಸ್ಪಷ್ಟವಾಗಿ ಬರೆಯಬೇಕು. ಹಿಗ್ಗಿದ ತಂತಿ ತೆಳುವಾಗಿರುತ್ತದೆ. ಘನ ಅಳತೆ ಬದಲಾಗಿಲ್ಲವೆಂದು ಹಿಡಿದರೆ ತೆಳುವಾದ ತಂತಿಯ ಮೇಲಿನ ಸ್ಟ್ರೆಸ್ ಸುಮಾರು 268.

ಈಗ ತಲೆಬರಹದ ಮಾತು. ಈ ಪೂರ್ತಿ ರೇಖೆಯನ್ನು 23 ಸೆಂ.ಮೀ. ಅಗಲಕ್ಕೆ ಬರೆದರೆ ಸ್ಟ್ರೇನ್ 0.01ಕ್ಕೆ 1 ಸೆಂ.ಮೀ. ಆಗ ನಮ್ಮ ಮಾಡ್ಯುಲಸ್ ಬಂದ ನೇರ ಭಾಗಕ್ಕೆ ಸಿಗುವ ಅಗಲ ಕಾಲು ಮಿ.ಮೀ., ಪೆನ್ಸಿಲ್ ಗೆರೆಗಿಂತ ಕಡಿಮೆ. ಅದು ಲಂಬ ಅಕ್ಷದಲ್ಲೇ ಮುಳುಗಿಹೋಗುತ್ತದೆ. ಆ ಗ್ರಾಫಿನಿಂದ ಓರೆ ತೆಗೆದೆನೆಂದು ಬರೆದವರು ತೆಗೆದದ್ದು ಬಾಗಿದ ಭಾಗದ ಓರೆಯನ್ನು, ಇಲ್ಲವೇ ಪಕ್ಕದವರ ಪುಸ್ತಕದ್ದನ್ನು. ಹಾಗಾಗಿ ಮೊದಲ ಗ್ರಾಫ್ 0.0006ರವರೆಗೆ, ಮಾಡ್ಯುಲಸ್‌ಗೆ, ಎರಡನೆಯದು 0.25ರವರೆಗೆ, ಬಾಗುವಿಕೆ ಮತ್ತು ಕಡಿತಕ್ಕೆ. ಪ್ರತಿಯೊಂದರ ಕೆಳಗೂ ಉದ್ದ, ವ್ಯಾಸ, ಆರಂಭದ ತೂಕ, ಕಾದ ಸಮಯ ಇರಲಿ.

ಹಂತ 6: ಫಲಿತಾಂಶದ ಸಾಲು

"ಮೆತ್ತನೆಯ ತಾಮ್ರದ ತಂತಿ, ಲೇಪ ತೆಗೆದ ವ್ಯಾಸ 0.46 ಮಿ.ಮೀ.; ಯಂಗ್ ಮಾಡ್ಯುಲಸ್ 118 ± 5 ಗಿಗಾಪಾಸ್ಕಲ್, 200ರಿಂದ 700 ಗ್ರಾಂವರೆಗಿನ ಆರು ಓದುಗಳ ಓರೆಯಿಂದ, ಇಳಿಕೆಯಲ್ಲಿ ಪರಿಶೀಲಿಸಿದ್ದು; ಸುಮಾರು 41 ಮೆಗಾಪಾಸ್ಕಲ್ ನಂತರ ರೇಖೆ ಬಾಗಿದೆ; ಮೂಲ ವಿಸ್ತೀರ್ಣದ ಮೇಲೆ ಕಡಿತದ ಸ್ಟ್ರೆಸ್ 218 ಮೆಗಾಪಾಸ್ಕಲ್, ಹಿಗ್ಗು ಶೇ 23, ಕಡಿದದ್ದು ಹಿಡಿತದಿಂದ ದೂರ, ತಂತಿಯ ನಡುವೆ."