ನಾಲ್ಕು ವ್ಯವಹಾರಕ್ಕೆ ಒಂದೇ ಖಾತೆ ಪಟ್ಟಿ: ನಾನು ಮಾಡಿದ ರೀತಿ

ಚಿಕ್ಕಮಗಳೂರು ಕಡೆಯ ಒಂದು ಕುಟುಂಬದ ವ್ಯವಹಾರಗಳನ್ನು ಟ್ಯಾಲಿಯಿಂದ ಇಆರ್‌ಪಿನೆಕ್ಸ್ಟ್‌ಗೆ ತರುವಾಗ ಖಾತೆ ಪಟ್ಟಿ, ಅಂದರೆ ಚಾರ್ಟ್ ಆಫ್ ಅಕೌಂಟ್ಸ್ ಮಾಡುವ ಕೆಲಸ ನನಗೆ ಬಂತು. ಅವರದು ಕಾಫಿ ಕ್ಯೂರಿಂಗ್ ವರ್ಕ್ಸ್, ಪುಡಿ ಘಟಕ, ಗೊಬ್ಬರದ ಅಂಗಡಿ ಮತ್ತು ಲಾರಿ. ಮೊದಲ ಮೂರೂ ಒಂದೇ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿವೆ, ಲಾರಿ ಮಾತ್ರ ಪಾಲುದಾರಿಕೆ ಸಂಸ್ಥೆ. ಪ್ರತಿಯೊಂದಕ್ಕೂ ಬೇರೆ ಅಕೌಂಟೆಂಟ್, ಬೇರೆ ಅಭ್ಯಾಸ.

ಲಾರಿ ಫೈಲ್ ನೋಡಿದಾಗಲೇ ನನಗೆ ದಾರಿ ಸ್ಪಷ್ಟವಾಯಿತು. ಅಲ್ಲಿ ಪ್ರತಿ ಲಾರಿ ನಂಬರಿಗೂ ಡೀಸೆಲ್, ಟಯರ್, ಟೋಲ್, ಡ್ರೈವರ್ ಬಾಟಾ, ರಿಪೇರಿ, ಇನ್ಶೂರೆನ್ಸ್ ಅಂತ ಆರು ಲೆಡ್ಜರ್ ಇದ್ದವು. ಹನ್ನೆರಡು ಲಾರಿಗೆ ಎಪ್ಪತ್ತೆರಡು ಲೆಡ್ಜರ್. ಹೊಸ ಲಾರಿ ಬಂದರೆ ಇನ್ನೂ ಆರು. ಮಾರಿದ ಲಾರಿಯ ಲೆಡ್ಜರ್‌ಗಳೂ ಹಾಗೇ ಉಳಿದಿದ್ದವು. ಇಷ್ಟೆಲ್ಲ ಇದ್ದೂ ‘ಈ ತಿಂಗಳು ಒಟ್ಟು ಟಯರ್ ಖರ್ಚು ಎಷ್ಟು’ ಅಂತ ಕೇಳಿದರೆ ಎಕ್ಸೆಲ್‌ನಲ್ಲಿ ಕೂಡಿಸಬೇಕಿತ್ತು.

ಹಾಗಾಗಿ ಒಂದು ನಿಯಮ ಇಟ್ಟುಕೊಂಡೆ. ಏನು ಖರ್ಚು, ಏನು ಆದಾಯ, ಏನು ಬಾಕಿ ಅನ್ನೋದನ್ನಷ್ಟೇ ಖಾತೆ ಹೇಳಬೇಕು. ಯಾವ ಘಟಕ, ಯಾವ ಲಾರಿ, ಯಾರ ಹೆಸರು ಅನ್ನೋದು ಖಾತೆಯ ಹೆಸರಿನಲ್ಲೂ ಇರಬಾರದು, ನಂಬರಿನಲ್ಲೂ ಇರಬಾರದು. ಘಟಕಕ್ಕೆ `Cost Center`, ಲಾರಿಗೆ `Accounting Dimension`, ಜನರಿಗೆ `Customer` ಮತ್ತು `Supplier`. ಎಪ್ಪತ್ತೆರಡು ಲೆಡ್ಜರ್ ಆರು ಖಾತೆಯಾದವು.

ಆದರೆ ಡೈಮೆನ್ಷನ್ ಇಟ್ಟರಷ್ಟೇ ಸಾಲದು. ಅದನ್ನು ಕಡ್ಡಾಯ ಮಾಡದಿದ್ದರೆ ಯಾರೂ ತುಂಬಲ್ಲ. ಲಾಭ-ನಷ್ಟದ ಎಲ್ಲ ಖಾತೆಗೂ ಕಡ್ಡಾಯ ಮಾಡಿದರೆ ಸ್ಟೇಷನರಿ ಬಿಲ್ಲಿಗೂ ಸಿಸ್ಟಂ ಲಾರಿ ನಂಬರ್ ಕೇಳುತ್ತೆ. ಆಗ ಹುಡುಗರು ಪಟ್ಟಿಯಲ್ಲಿ ಮೊದಲು ಕಂಡ ಲಾರಿಯನ್ನು ಒತ್ತಿ ಮುಂದೆ ಹೋಗುತ್ತಾರೆ. ಒಂದೇ ಲಾರಿಯ ಖರ್ಚು ಮಾತ್ರ ಎದ್ದು ಕಾಣುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಅದಕ್ಕೇ `Accounting Dimension Filter`ನಲ್ಲಿ ಆ ಆರು ಖಾತೆ ಮತ್ತು ಬಾಡಿಗೆ ಆದಾಯದ ಖಾತೆಗೆ ಮಾತ್ರ ಕಡ್ಡಾಯ ಮಾಡಿದೆ. ಯಜಮಾನರಿಗೆ ‘ನನ್ನ ಲಾರಿ ಲೆಕ್ಕ ಎಲ್ಲಿ ಹೋಯ್ತು’ ಅನ್ನೋ ಆತಂಕ ಇತ್ತು, ಅದು ಸಹಜವೇ. ಒಂದು ಲಾರಿಯ ಆದಾಯ, ಖರ್ಚು, ಉಳಿಕೆ ಒಂದೇ ಪುಟದಲ್ಲಿ ಬರುವ ರಿಪೋರ್ಟ್ ತೆಗೆದು ತೋರಿಸಿದ ಮೇಲೆ ಒಪ್ಪಿದರು. ರಿಪೋರ್ಟ್ ಮೊದಲು ತೋರಿಸಿ, ಆಮೇಲೆ ಲೆಡ್ಜರ್ ಕಡಿಮೆ ಮಾಡುವ ಮಾತಾಡುವುದು ಒಳ್ಳೆಯದು.

ನಿಜವಾಗಿ ಕಷ್ಟ ಇದ್ದದ್ದು ತೋಟದವರ ಲೆಕ್ಕದಲ್ಲಿ. ಕ್ಯೂರಿಂಗ್ ವರ್ಕ್ಸ್‌ಗೆ ಬರುವ ಒಬ್ಬ ಬೆಳೆಗಾರರಿಗೆ ನಮ್ಮ ಜೊತೆ ನಾಲ್ಕು ಸಂಬಂಧ ಇರುತ್ತೆ. ಗೊಬ್ಬರ ಸಾಲಕ್ಕೆ ಒಯ್ದಿರುತ್ತಾರೆ. ತಮ್ಮ ಕಾಫಿಯನ್ನು ಕ್ಯೂರಿಂಗ್ ಮಾಡಿಸಿರುತ್ತಾರೆ. ಒಂದಿಷ್ಟು ಕಾಫಿಯನ್ನು ನಮಗೇ ಮಾರಿರುತ್ತಾರೆ. ಮುಂದಿನ ಬೆಳೆ ಮೇಲೆ ಅಡ್ವಾನ್ಸ್ ಕೂಡ ತಗೊಂಡಿರುತ್ತಾರೆ. ಟ್ಯಾಲಿಯಲ್ಲಿ ಇದೆಲ್ಲ ಅವರ ಹೆಸರಿನ ಒಂದೇ ಲೆಡ್ಜರ್.

ಒಬ್ಬರ ಲೆಕ್ಕ ಹೀಗಿತ್ತು ಅಂದುಕೊಳ್ಳಿ. ಗೊಬ್ಬರದ ಬಾಕಿ 40,000 ರೂಪಾಯಿ, ಕ್ಯೂರಿಂಗ್ ಚಾರ್ಜ್ 18,000. ಅವರಿಂದ ಕೊಂಡ ಕಾಫಿಗೆ ನಾವು ಕೊಡಬೇಕಾದ್ದು 2,50,000. ಅವರಿಗೆ ಕೊಟ್ಟ ಅಡ್ವಾನ್ಸ್ 1,00,000. ಲೆಡ್ಜರ್ ತೋರಿಸುತ್ತಿದ್ದದ್ದು ನಾವು 92,000 ಕೊಡಬೇಕು ಅಂತ ಮಾತ್ರ. ಮೊತ್ತ ಸರಿಯೇ. ಆದರೆ ಬ್ಯಾಲೆನ್ಸ್ ಶೀಟಿಗೆ ಅದು ಸಾಲದು. ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಪ್ರಕಾರ ಬರಬೇಕಾದ್ದು, ಕೊಡಬೇಕಾದ್ದು, ಅಡ್ವಾನ್ಸ್ ಬೇರೆ ಬೇರೆ ಕಡೆ ಕಾಣಬೇಕು. ಬಾಕಿಗಳನ್ನು ಎಷ್ಟು ಕಾಲದಿಂದ ಇವೆ ಅಂತ ವಿಂಗಡಿಸಿಯೂ ತೋರಿಸಬೇಕು. ನಿವ್ವಳ ಮೊತ್ತದಿಂದ ಆ ವಿಂಗಡಣೆ ಹುಟ್ಟಲ್ಲ. ಎರಡು ವರ್ಷದಿಂದ ಬಾರದ ಗೊಬ್ಬರದ ದುಡ್ಡು ಹೊಸ ಕಾಫಿ ಖರೀದಿಯ ಅಡಿ ಮುಚ್ಚಿಹೋಗಿರುತ್ತೆ.

ಹೊಸ ಪಟ್ಟಿಯಲ್ಲಿ ಇದು ಮೂರು ಖಾತೆಗೆ ಹಂಚಿತು: ಬರಬೇಕಾದ್ದು 58,000, ಕೊಡಬೇಕಾದ್ದು 2,50,000, ಬೆಳೆಗಾರರಿಗೆ ಕೊಟ್ಟ ಅಡ್ವಾನ್ಸ್ 1,00,000. ಅದೇ ವ್ಯಕ್ತಿ ಕಸ್ಟಮರ್ ಆಗಿಯೂ ಸಪ್ಲೈಯರ್ ಆಗಿಯೂ ಇರುತ್ತಾರೆ. ಅಡ್ವಾನ್ಸ್ ತಾನಾಗಿಯೇ ಬೇರೆ ಖಾತೆಗೆ ಹೋಗಲು ಕಂಪನಿ ಸೆಟ್ಟಿಂಗ್‌ನಲ್ಲಿ `Book Advance Payments in Separate Party Account` ಆನ್ ಮಾಡಬೇಕು. ಇಲ್ಲದಿದ್ದರೆ ಅದು ಕೊಡಬೇಕಾದ ಖಾತೆಯಲ್ಲೇ ಡೆಬಿಟ್ ಆಗಿ ಕೂತಿರುತ್ತೆ. ಬೆಳೆಗಾರರು ಕೌಂಟರಿಗೆ ಬಂದು ‘ನನ್ನ ಲೆಕ್ಕ ಎಷ್ಟು’ ಅಂದರೆ ಅವರಿಗೆ ಬೇಕಾದ್ದು ಒಂದೇ ಅಂಕಿ, ಅಲ್ವಾ? ಅದಕ್ಕೆ ಮೂರನ್ನೂ ಕೂಡಿಸಿ ತೋರಿಸುವ ಸ್ಟೇಟ್‌ಮೆಂಟ್ ಮಾಡಿದೆವು. ಖಾತೆಯಲ್ಲಿ ಒಂದಕ್ಕೊಂದು ವಜಾ ಮಾಡುವುದು ಅವರು ಒಪ್ಪಿದ ದಿನ, ಜರ್ನಲ್ ಹಾಕಿ.

ಇನ್ನೊಂದು ವಿಷಯ. ಕ್ಯೂರಿಂಗ್‌ಗೆ ಬಂದ ಕಾಫಿ ನಮ್ಮದಲ್ಲ. ಚೀಲ ನಮ್ಮ ಗೋದಾಮಿನಲ್ಲೇ ಇದ್ದರೂ ಅದರ ಬೆಲೆ ನಮ್ಮ ಸ್ಟಾಕ್ ಖಾತೆಗೆ ಬರಕೂಡದು. ಬೇರೆ `Warehouse` ಮಾಡಿ, ತೂಕ ಮಾತ್ರ ಇಟ್ಟು, ಮೌಲ್ಯ ಸೊನ್ನೆ ಇಟ್ಟೆವು.

ವರ್ಕ್ಸ್‌ನಿಂದ ಪುಡಿ ಘಟಕಕ್ಕೆ ಬೀಜ ಹೋಗುವುದನ್ನು ಮೊದಲು ಮಾರಾಟ ಅಂತಲೇ ಬರೆಯುತ್ತಿದ್ದರು. ಎರಡೂ ಒಂದೇ ಕಂಪನಿ, ಒಂದೇ ಜಿಎಸ್‌ಟಿ ನಂಬರ್. ಹಾಗೆ ಬರೆದರೆ ಕಂಪನಿಯ ವಹಿವಾಟು ಸುಮ್ನೆ ಊದಿಕೊಳ್ಳುತ್ತೆ. ಆದರೆ ವರ್ಕ್ಸ್ ನೋಡಿಕೊಳ್ಳುವ ಅಣ್ಣನಿಗೆ ತನ್ನ ಘಟಕದ ಲಾಭ ಕಾಣಬೇಕು. ಅದೂ ನ್ಯಾಯವೇ. ನಾವು ಹೀಗೆ ಮಾಡಿದೆವು: ಸರಕು ಅಸಲು ಬೆಲೆಯಲ್ಲೇ ಗೋದಾಮಿನಿಂದ ಗೋದಾಮಿಗೆ ಹೋಗುತ್ತೆ. ಕೆಜಿಗೆ 300 ರೂಪಾಯಿ ಅಸಲು, ಮನೆಯವರು ಒಪ್ಪಿದ ದರ 330 ಅಂತಿಟ್ಟುಕೊಳ್ಳಿ. 1,000 ಕೆಜಿ ಹೋದರೆ ಮಧ್ಯದ 30,000 ಮಾತ್ರ ‘ಆಂತರಿಕ ಹಂಚಿಕೆ’ ಅನ್ನೋ ಒಂದೇ ಖಾತೆಯಲ್ಲಿ ಬರುತ್ತೆ. ಪುಡಿ ಘಟಕದ ಕಾಸ್ಟ್ ಸೆಂಟರಿಗೆ ಡೆಬಿಟ್, ವರ್ಕ್ಸ್‌ಗೆ ಕ್ರೆಡಿಟ್. ಪೂರಾ 3,30,000 ಹಾಕಿದರೆ ಪುಡಿ ಘಟಕಕ್ಕೆ ಅಸಲು ಎರಡು ಸಲ ಬೀಳುತ್ತೆ. ಕಂಪನಿ ಮಟ್ಟದಲ್ಲಿ ಈ ಖಾತೆ ಯಾವತ್ತೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಯಾರೋ ಡೆಬಿಟ್, ಕ್ರೆಡಿಟ್ ಎರಡರಲ್ಲಿ ಒಂದನ್ನು ಬೇರೆ ಖಾತೆಗೆ ಹಾಕಿದ್ದಾರೆ ಅಂತ ಅರ್ಥ. ಲಾರಿ ಸಂಸ್ಥೆ ಬೇರೆಯೇ ಆದ್ದರಿಂದ ಅದರ ಬಾಡಿಗೆಗೆ ನಿಜವಾದ ಬಿಲ್ಲೇ ಆಗಬೇಕು.

ಯಾವ ಖರ್ಚಿಗೆ ಸ್ವಂತ ಖಾತೆ ಕೊಡಬೇಕು ಅನ್ನೋ ವಾದ ಮುಗಿಯುವಂಥದ್ದಲ್ಲ. ನಾನು ಮೂರನೇ ಶೆಡ್ಯೂಲಿನ ಅಳತೆಯನ್ನೇ ಹಿಡಿದೆ. ಈ ಕಂಪನಿಗೆ ಅನ್ವಯಿಸುವ ಭಾಗದಲ್ಲಿ, ವಹಿವಾಟಿನ ಶೇಕಡಾ 1 ಅಥವಾ 1,00,000 ರೂಪಾಯಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಮೀರಿದ ಖರ್ಚನ್ನು ಬೇರೆಯಾಗಿ ತೋರಿಸಬೇಕು. ಅದರ ಹತ್ತಿರ ಬರುವುದಕ್ಕೆಲ್ಲ ಖಾತೆ ಕೊಟ್ಟೆ. ಚಿಕ್ಕದಾದರೂ ತೆರಿಗೆ ಲೆಕ್ಕಕ್ಕೆ ಬೇರೆಯೇ ಬೇಕಾದ ದಂಡ, ದಾನದಂಥವಕ್ಕೂ ಕೊಟ್ಟೆ. ಮುಂದೆ ಹೊಸ ಖಾತೆ ಸೇರಿಸಲು ಜಾಗ ಇರಲಿ ಅಂತ ಖಾತೆ ನಂಬರ್‌ಗಳ ನಡುವೆ ಹತ್ತರ ಅಂತರ ಬಿಟ್ಟೆ.

ಶುರು ಮಾಡುವ ಮೊದಲು ಮುಗಿದ ವರ್ಷದ ಮಾರ್ಚ್ ಟ್ರಯಲ್ ಬ್ಯಾಲೆನ್ಸನ್ನು ಹೊಸ ಪಟ್ಟಿಗೆ ಇಳಿಸಿ, ಘಟಕವಾರು ಲಾಭ ಹಳೆಯದಕ್ಕೆ ತಾಳೆಯಾಗುತ್ತಾ ನೋಡಿದೆವು. ಹಲವು ಲೆಡ್ಜರ್ ಒಂದಾಗುವುದು ಸುಲಭ. ಒಂದು ಲೆಡ್ಜರ್ ಹಲವಾಗುವುದಕ್ಕೆ ವೋಚರ್ ತೆಗೆದು ನೋಡಲೇಬೇಕು. ನಮ್ಮ ಹೆಚ್ಚಿನ ಸಮಯ ಹೋದದ್ದು ಬೆಳೆಗಾರರ ಲೆಡ್ಜರ್ ಮತ್ತು ‘ಇತರೆ ಖರ್ಚು’ ಇವೆರಡಕ್ಕೆ. ಏಪ್ರಿಲ್ 1ರ ಬಾಕಿಗಳನ್ನು ಬಿಲ್‌ವಾರು ಹಾಕಿದೆವು, ಎಲ್ಲದಕ್ಕೂ ಎದುರು ಖಾತೆ `Temporary Opening`. ಕೊನೆಯ ಬಾಕಿ ಹಾಕಿದಾಗ ಅದು ಸೊನ್ನೆಗೆ ಬಂದರೆ ಮಾತ್ರ ಏಪ್ರಿಲ್‌ನ ತಿಂಗಳ ಲೆಕ್ಕ ಮುಗಿಸಲು ಬಿಡುವುದು ಅಂತ ಆಡಿಟರ್ ಜೊತೆ ಮಾತಾಗಿತ್ತು. ಈಗ ಹೊಸ ಖಾತೆ ತೆರೆಯುವ ಹಕ್ಕು ಒಬ್ಬ ಅಕೌಂಟೆಂಟಿಗೆ ಮಾತ್ರ ಇದೆ. ಅವರು ಮೊದಲು ನೋಡುವುದು, ಕೇಳಿದ ಹೆಸರಿನಲ್ಲಿ ವ್ಯಕ್ತಿ, ಊರು ಅಥವಾ ಗಾಡಿ ನಂಬರ್ ಇದೆಯಾ ಅಂತ. ಇದ್ದರೆ ಖಾತೆ ಸಿಗಲ್ಲ.